ಇಪ್ಪತ್ನಾಲ್ಕು ಎಸೆತ, ಹದಿನಾಲ್ಕು ರನ್: ಪಂದ್ಯ ಮುಗಿದ ಮೇಲೆ ಬರೆಯುವ ನಾಲ್ಕು ಸಾಲು

ಪ್ರಶ್ನೆ: ಪಂದ್ಯ ಮುಗಿದ ಕೂಡಲೇ ನೂರು ಪದಗಳೊಳಗೆ ನನ್ನ ಅನಿಸಿಕೆ ಬರೆಯುವುದು ನನ್ನ ರೂಢಿ. 2024ರ ಟಿ20 ವಿಶ್ವಕಪ್ ಫೈನಲ್ ಬಗ್ಗೆ ಹೀಗೆ ಬರೆದಿದ್ದೆ: ‘ದಕ್ಷಿಣ ಆಫ್ರಿಕಾ ಮತ್ತೆ ತನ್ನ ಹಳೆಯ ಗುಣ ತೋರಿಸಿತು. 30 ಎಸೆತಗಳಲ್ಲಿ 30 ರನ್ ಹೊಡೆಯಲಾಗದೆ ನಡುಗಿತು. ಚೋಕರ್ಸ್ ಎಂಬ ಹೆಸರು ಸುಮ್ಮನೆ ಬಂದಿಲ್ಲ. ಸೂರ್ಯಕುಮಾರ್ ಕ್ಯಾಚ್ ಕಪ್ ಗೆದ್ದುಕೊಟ್ಟಿತು. ಆದರೂ ಅವರು ಚೆನ್ನಾಗಿಯೇ ಆಡಿದರು, ಅವರ ಅಭಿಮಾನಿಗಳಿಗೆ ಗೌರವ.’ ಆ ತಂಡವನ್ನು ಮೆಚ್ಚುವ ನನ್ನ ಗೆಳೆಯರೊಬ್ಬರು ಇದನ್ನು ಓದಿ ಮಾತು ಬಿಟ್ಟರು. ಕೊನೆಯಲ್ಲಿ ಗೌರವ ಎಂದೂ ಬರೆದಿದ್ದೆನಲ್ಲ! ಅಭಿಪ್ರಾಯ ಖಡಕ್ ಆಗಿರಬೇಕು, ಪುರಾವೆ ಇರಬೇಕು, ಎದುರಾಳಿ ಅಭಿಮಾನಿಗೆ ನೋವೂ ಆಗಬಾರದು. ಇಷ್ಟು ಚಿಕ್ಕ ಜಾಗದಲ್ಲಿ ಇದು ಸಾಧ್ಯವೇ?

ಉತ್ತರ: ಸಾಧ್ಯ. ಆದರೆ ಆ ಕೊನೆಯ ವಾಕ್ಯದ ಬಲದಿಂದಲ್ಲ. ನಿಮ್ಮ ಗೆಳೆಯರಿಗೆ ಹೆಚ್ಚು ಚುಚ್ಚಿದ್ದು ಅದೇ ವಾಕ್ಯ ಎಂದು ನನ್ನ ಅನುಮಾನ. ಮೂರು ವಾಕ್ಯ ಬೈದು ಕೊನೆಯದರಲ್ಲಿ ಬೆನ್ನು ತಟ್ಟಿದರೆ, ಆ ತಟ್ಟುವಿಕೆಯೂ ಏಟಿನಂತೆಯೇ ಕೇಳಿಸುತ್ತದೆ. ಗೌರವ ಕೊನೆಗೆ ಉದುರಿಸುವ ಕೊತ್ತಂಬರಿ ಸೊಪ್ಪಲ್ಲ. ಯಾವ ಅಭಿಪ್ರಾಯ ಆರಿಸಿಕೊಂಡಿರಿ, ಅದಕ್ಕೆ ಯಾವ ಪುರಾವೆ ತಂದಿರಿ ಎನ್ನುವಲ್ಲಿಯೇ ಅದು ಇರುತ್ತದೆ, ಅಥವಾ ಇರುವುದಿಲ್ಲ.

ನಿಮ್ಮ ಬರಹದಲ್ಲಿ ಒಂದು ವಿಚಿತ್ರ ಕೊರತೆ ಇದೆ, ಗಮನಿಸಿದಿರಾ? ಗೆದ್ದದ್ದು ಭಾರತ, ಬರೆದವರು ಭಾರತದ ಅಭಿಮಾನಿ. ಆದರೂ ಭಾರತದ ಒಬ್ಬ ಬೌಲರನ ಹೆಸರೂ ಅದರಲ್ಲಿಲ್ಲ. ಬಹಳ ವರ್ಷಗಳ ಹಿಂದೆ, ರಾತ್ರಿ ಪುಟ ಮುಗಿಸುವ ಧಾವಂತದಲ್ಲಿ, ಸೋತ ತಂಡವೊಂದು ‘ಕೈಯಲ್ಲಿದ್ದ ಪಂದ್ಯವನ್ನು ಚೆಲ್ಲಿಕೊಂಡಿತು’ ಎಂದು ನಾನು ಬರೆದಿದ್ದೆ. ಮೂರು ದಿನಗಳ ನಂತರ ಓದುಗರೊಬ್ಬರಿಂದ ಕಾರ್ಡು ಬಂತು: ‘ಚೆಲ್ಲಿಕೊಂಡಿತು ಸರಿ, ಕೈ ಅಲುಗಾಡಿಸಿದವರು ಯಾರು?’ ಅಷ್ಟೇ. ಸೋತವರನ್ನು ಸಣ್ಣವರನ್ನಾಗಿ ಮಾಡುವ ಹುರುಪಿನಲ್ಲಿ ಗೆದ್ದವರ ದುಡಿಮೆಯನ್ನೇ ಅಳಿಸಿಬಿಟ್ಟಿದ್ದೆ. ನಿಮ್ಮದೂ ಅದೇ ತಪ್ಪು.

ಹಾಗಾಗಿ ಮೊದಲು ಆ ಪಂದ್ಯದ ಕೊನೆಯ ಭಾಗವನ್ನು ಸ್ಕೋರ್‌ಪಟ್ಟಿ ಎದುರಿಗಿಟ್ಟುಕೊಂಡು ನೋಡೋಣ. 2024ರ ಜೂನ್ 29, ಬಾರ್ಬಡೋಸ್‌ನ ಬ್ರಿಜ್‌ಟೌನ್. ಭಾರತ 7 ವಿಕೆಟ್‌ಗೆ 176. ಬೆನ್ನಟ್ಟಿದ ದಕ್ಷಿಣ ಆಫ್ರಿಕಾ 15 ಓವರ್ ಮುಗಿದಾಗ 4 ವಿಕೆಟ್‌ಗೆ 147. ಅಕ್ಷರ್ ಪಟೇಲ್ ಎಸೆದ ಆ 15ನೇ ಓವರಿನಲ್ಲಿ 24 ರನ್ ಹೋಗಿತ್ತು. ಹೈನ್ರಿಚ್ ಕ್ಲಾಸೆನ್ ಆಡಿದ ಪರಿಗೆ ಇನ್ನೆರಡು ಓವರಿನಲ್ಲಿ ಆಟ ಮುಗಿದೇಹೋಗುತ್ತದೆ ಎಂದು ಕಾಣುತ್ತಿತ್ತು. ಬೇಕಾಗಿದ್ದದ್ದು 30 ಎಸೆತಗಳಲ್ಲಿ 30.

ಅಲ್ಲಿಂದ ಮುಂದಿನ ನಾಲ್ಕು ಓವರುಗಳನ್ನು ಬೆರಳು ಮಡಚಿ ಎಣಿಸಿ. ಹದಿನಾರನೆಯದು ಜಸ್‌ಪ್ರೀತ್ ಬುಮ್ರಾ: 4 ರನ್. ಹದಿನೇಳನೆಯದು ಹಾರ್ದಿಕ್ ಪಾಂಡ್ಯ: ಮೊದಲ ಎಸೆತದಲ್ಲೇ ಕ್ಲಾಸೆನ್ ಔಟ್, 4 ರನ್. ಹದಿನೆಂಟನೆಯದು ಮತ್ತೆ ಬುಮ್ರಾ: ಮಾರ್ಕೊ ಯಾನ್ಸೆನ್ ಬೌಲ್ಡ್, 2 ರನ್. ಹತ್ತೊಂಬತ್ತನೆಯದು ಅರ್ಷದೀಪ್ ಸಿಂಗ್: 4 ರನ್. ಒಟ್ಟು 24 ಎಸೆತ, 14 ರನ್, 2 ವಿಕೆಟ್. ಕೊನೆಯ ಓವರಿಗೆ 16 ಉಳಿಯಿತು, ಬಂದದ್ದು 8. ಭಾರತ 7 ರನ್‌ಗಳಿಂದ ಗೆದ್ದಿತು.

ಈಗ ‘30 ಎಸೆತಗಳಲ್ಲಿ 30 ಹೊಡೆಯಲಾಗದೆ ನಡುಗಿತು’ ಎನ್ನುವ ನಿಮ್ಮ ವಾಕ್ಯವನ್ನೂ ‘24 ಎಸೆತಗಳಲ್ಲಿ 14 ರನ್ ಮಾತ್ರ ಕೊಟ್ಟರು’ ಎನ್ನುವ ವಾಕ್ಯವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಅದೇ ಹೊತ್ತಿನ ಮಾತು. ಮೊದಲನೆಯದು ಬ್ಯಾಟರ್‌ಗಳ ಎದೆಯೊಳಗೆ ಏನಾಯಿತು ಎಂದು ಹೇಳುತ್ತದೆ, ಅದು ನಿಮಗೆ ಕಾಣುವಂಥದ್ದಲ್ಲ. ಎರಡನೆಯದು ಮೈದಾನದಲ್ಲಿ ಎಲ್ಲರ ಕಣ್ಣೆದುರು ನಡೆದದ್ದು. ನಿಮ್ಮ ಗೆಳೆಯರು ಮೊದಲನೆಯದಕ್ಕೆ ಸಿಟ್ಟಾಗಬಹುದು, ಎರಡನೆಯದನ್ನು ಓದಿ ನಿಟ್ಟುಸಿರು ಬಿಡಬಹುದು ಅಷ್ಟೇ. ನಿಮ್ಮ ಅಭಿಪ್ರಾಯವೇನೂ ಮೆತ್ತಗಾಗಲಿಲ್ಲ. ನಿಜ ಹೇಳಬೇಕೆಂದರೆ ಎರಡನೆಯದೇ ಹೆಚ್ಚು ಖಡಕ್, ಏಕೆಂದರೆ ಅದನ್ನು ತಳ್ಳಿಹಾಕಲು ಸ್ಕೋರ್‌ಪಟ್ಟಿಯನ್ನೇ ತಳ್ಳಿಹಾಕಬೇಕು.

ನಿರ್ಣಾಯಕ ಹೊತ್ತಿನಲ್ಲಿ ಎಡವುವವರು ಎಂದು ಅಣಕಿಸುವ ‘ಚೋಕರ್ಸ್’ ಎಂಬ ಪದದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1999ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ, ಎಜ್‌ಬಾಸ್ಟನ್‌ನಲ್ಲಿ, ಆಸ್ಟ್ರೇಲಿಯಾದ 213ಕ್ಕೆ ಸರಿಯಾಗಿ 213 ಗಳಿಸಿ ಅಲನ್ ಡೊನಾಲ್ಡ್ ರನೌಟ್ ಆದದ್ದನ್ನು ನೋಡಿದವರು ಯಾರೂ ಮರೆತಿಲ್ಲ. ಆ ಹೆಸರು ಆ ತಂಡಕ್ಕೆ ಗಟ್ಟಿಯಾಗಿ ಅಂಟಿಕೊಳ್ಳಲು ಆ ಪಂದ್ಯ ದೊಡ್ಡ ಕಾರಣ. ಆದರೆ ನೀವು ಬರೆಯುತ್ತಿರುವುದು 2024ರ ಹನ್ನೊಂದು ಮಂದಿಯ ಬಗ್ಗೆ. ಅವರು ಒಂದೂ ಪಂದ್ಯ ಸೋಲದೆ ಫೈನಲ್‌ಗೆ ಬಂದಿದ್ದರು. ಅದೂ ಹೇಗೆ? ಬಾಂಗ್ಲಾದೇಶದ ಮೇಲೆ 4 ರನ್, ನೇಪಾಳದ ಮೇಲೆ 1 ರನ್, ಇಂಗ್ಲೆಂಡ್ ಮೇಲೆ 7 ರನ್ ಅಂತರದಲ್ಲಿ ಗೆದ್ದು. ಕೊನೆಯ ಓವರಿನಲ್ಲಿ ಕೈ ನಡುಗುವವರು ಹೀಗೆ ಗೆಲ್ಲುವುದಿಲ್ಲ. ಒಂದೇ ತಿಂಗಳಲ್ಲಿ ಮೂರು ಬಾರಿ ಅಂಥ ಕುತ್ತಿಗೆಮಟ್ಟದ ಪಂದ್ಯಗಳನ್ನು ದಾಟಿದವರು ನಾಲ್ಕನೆಯದರಲ್ಲಿ ಎಡವಿದರೆ, ನಾನಾದರೆ ಮೊದಲು ಎದುರಿಗೆ ಯಾರು ಬೌಲಿಂಗ್ ಮಾಡುತ್ತಿದ್ದರು ಎಂದು ನೋಡುತ್ತೇನೆ. ಅಣಕದ ಹೆಸರುಗಳಿಗೆ ಇನ್ನೊಂದು ತೊಂದರೆಯೂ ಇದೆ, ಅವು ಬೇಗ ಹಳಸುತ್ತವೆ. ಮರುವರ್ಷದ ಜೂನ್‌ನಲ್ಲೇ ದಕ್ಷಿಣ ಆಫ್ರಿಕಾ ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ಟೆಸ್ಟ್ ವಿಶ್ವ ಚಾಂಪಿಯನ್ ಆಯಿತು. ನಿಮ್ಮ ಬರಹವನ್ನು ಆ ದಿನ ಯಾರಾದರೂ ತೆಗೆದು ತೋರಿಸಿದ್ದರೆ?

ಪುರಾವೆ ಎಂದ ಕೂಡಲೇ ಅಂಕಿಗಳ ರಾಶಿ ಸುರಿಯಬೇಕಾಗಿಲ್ಲ. ನೂರು ಪದಗಳ ಬರಹಕ್ಕೆ ಒಂದು ಸಾಕು, ಆದರೆ ಅದು ನಿಮ್ಮ ಅಭಿಪ್ರಾಯಕ್ಕೇ ಹೊಂದುವಂತಿರಬೇಕು. ಅದನ್ನು ತಿಳಿಯಲು ನಾನು ಬಳಸುವ ಪರೀಕ್ಷೆ ಸರಳ: ನನ್ನ ಅಭಿಪ್ರಾಯ ತಪ್ಪಾಗಿದ್ದರೆ ಈ ಅಂಕಿ ಬೇರೆಯಾಗಿರುತ್ತಿತ್ತೇ? ‘ಭಾರತ 7 ರನ್‌ಗಳಿಂದ ಗೆದ್ದಿತು’ ಎನ್ನುವುದು ಬೌಲರ್‌ಗಳಿಂದ ಗೆದ್ದರೂ ನಿಜ, ಬ್ಯಾಟರ್‌ಗಳಿಂದ ಗೆದ್ದರೂ ನಿಜ, ಅದೃಷ್ಟದಿಂದ ಗೆದ್ದರೂ ನಿಜ. ಅದು ಫಲಿತಾಂಶ, ಪುರಾವೆಯಲ್ಲ. ‘16ರಿಂದ 19ನೇ ಓವರ್‌ವರೆಗೆ 14 ರನ್’ ಎನ್ನುವುದು ಹಾಗಲ್ಲ. ಪಂದ್ಯವನ್ನು ತಿರುಗಿಸಿದ್ದು ಬೌಲರ್‌ಗಳಲ್ಲ ಎಂದಾದರೆ ಆ ಅಂಕಿ ಅಷ್ಟು ಸಣ್ಣದಾಗಿರಲು ಕಾರಣವಿಲ್ಲ.

ಎರಡೂ ಕಡೆಗೆ ವಾಲುವ ಅಂಕಿಗಳ ಬಗ್ಗೆಯೂ ಎಚ್ಚರ ಬೇಕು. ಅದೇ ಫೈನಲ್‌ನಲ್ಲಿ ವಿರಾಟ್ ಕೊಹ್ಲಿ 59 ಎಸೆತಗಳಲ್ಲಿ 76 ಹೊಡೆದರು. ಅರ್ಧಶತಕಕ್ಕೆ 48 ಎಸೆತ ಬೇಕಾಯಿತು, ಉಳಿದ 26 ರನ್ 11 ಎಸೆತಗಳಲ್ಲಿ ಬಂತು. ನಿಧಾನವಾಯಿತು ಎನ್ನುವವರು ಮೊದಲ ಅಂಕಿಯನ್ನು ಹಿಡಿದುಕೊಳ್ಳುತ್ತಾರೆ, 34ಕ್ಕೆ 3 ವಿಕೆಟ್ ಬಿದ್ದ ತಂಡವನ್ನು ನಿಲ್ಲಿಸಿದರು ಎನ್ನುವವರು ಎರಡನ್ನೂ ಸೇರಿಸಿ ಓದುತ್ತಾರೆ. ಪಂದ್ಯಶ್ರೇಷ್ಠ ಪ್ರಶಸ್ತಿ ಕೊಹ್ಲಿಗೇ ಬಂತು, ನನ್ನ ಮತ ಬುಮ್ರಾಗೆ ಇತ್ತು. ಈ ಜಗಳ ಬಗೆಹರಿಯುವುದಿಲ್ಲ, ಬಗೆಹರಿಯದಿದ್ದರೆ ನಷ್ಟವೂ ಇಲ್ಲ. ಆದರೆ ಚಿಕ್ಕ ಬರಹದಲ್ಲಿ ಇಂಥ ಅಂಕಿಯನ್ನು ತಂದರೆ ವಿವರಣೆಗೇ ಜಾಗವೆಲ್ಲ ಹೋಗುತ್ತದೆ. ಅದನ್ನು ಇನ್ನೊಂದು ದಿನಕ್ಕೆ ಬಿಡಿ.

ಓವರಿನ ಲೆಕ್ಕದ ಜೊತೆಗೆ ಒಂದೇ ಒಂದು ಎಸೆತವನ್ನು ಹತ್ತಿರದಿಂದ ತೋರಿಸಿದರೆ ಬರಹಕ್ಕೆ ಜೀವ ಬರುತ್ತದೆ. ನಾನು ಆರಿಸುವುದು ಕ್ಲಾಸೆನ್ ಔಟಾದ ಎಸೆತವನ್ನು. ಹಾರ್ದಿಕ್ ವೇಗ ತಗ್ಗಿಸಿ, ಆಫ್ ಸ್ಟಂಪಿನಿಂದ ಬಹಳ ಹೊರಗೆ ಹಾಕಿದರು. ಅಲ್ಲಿಯವರೆಗೆ ಬ್ಯಾಟಿನ ಮಧ್ಯಕ್ಕೇ ಬರುತ್ತಿದ್ದ ಚೆಂಡು ಅಂಚಿಗೆ ತಾಗಿ ರಿಷಭ್ ಪಂತ್ ಕೈ ಸೇರಿತು. ಈ ಎಸೆತವನ್ನು ವರ್ಣಿಸುವಾಗ ಕ್ಲಾಸೆನ್ ಅವರನ್ನು ಹೊಗಳದೆ ಇರಲು ಆಗುವುದಿಲ್ಲ ಎನ್ನುವುದನ್ನು ಗಮನಿಸಿ. 27 ಎಸೆತಗಳಲ್ಲಿ 52 ಹೊಡೆದವರನ್ನು ತಡೆಯಲು ಬ್ಯಾಟಿನ ಮಧ್ಯಕ್ಕೆ ಎಟುಕದ ಜಾಗ ಹುಡುಕಬೇಕಾಯಿತು ಎಂದ ಕೂಡಲೇ ಅವರಿಗೆ ಸಲ್ಲಬೇಕಾದದ್ದು ಸಂದಿತು. ನಿಮ್ಮ ಕೊನೆಯ ವಾಕ್ಯ ಮಾಡಲಾಗದ ಕೆಲಸವನ್ನು ಆ ಒಂದು ಅಂಕಿ ಮಾಡುತ್ತದೆ. ‘ಚೆನ್ನಾಗಿಯೇ ಆಡಿದರು’ ಎಂದು ಯಾವ ತಂಡದ ಬಗ್ಗೆ ಬೇಕಾದರೂ, ಪಂದ್ಯ ನೋಡದೆಯೂ ಬರೆಯಬಹುದು. ‘27ರಲ್ಲಿ 52’ ಎಂದು ಬರೆಯಲು ನೋಡಿರಬೇಕು. ಎದುರಾಳಿ ಅಭಿಮಾನಿ ಬಯಸುವುದು ಅದನ್ನೇ: ನಮ್ಮವನ ಆಟವನ್ನೂ ನೀನು ಕಣ್ಣಿಟ್ಟು ನೋಡಿದೆಯಾ?

ಇನ್ನು ಆ ಕ್ಯಾಚ್. ‘ಸೂರ್ಯಕುಮಾರ್ ಕ್ಯಾಚ್ ಕಪ್ ಗೆದ್ದುಕೊಟ್ಟಿತು’ ಎನ್ನುವುದು ತಪ್ಪೇನಲ್ಲ, ಆದರೆ ಅದು ನಿಮ್ಮ ಎರಡನೇ ಅಭಿಪ್ರಾಯ. ಮೊದಲ ಅಭಿಪ್ರಾಯದ ಪ್ರಕಾರ ಅವರು ನಡುಗಿ ಸೋತರು, ಎರಡನೆಯದರ ಪ್ರಕಾರ ನಾವು ಅದ್ಭುತ ಕ್ಯಾಚ್ ಹಿಡಿದು ಗೆದ್ದೆವು. ಎರಡೂ ಒಂದೇ ಐದು ಸಾಲಿನಲ್ಲಿ ಕೂತರೆ ಒಂದರ ಕಾಲನ್ನು ಇನ್ನೊಂದು ತುಳಿಯುತ್ತದೆ. ಮೇಲಾಗಿ ಅದು ತಕರಾರಿಗೆ ಒಳಗಾದ ಕ್ಯಾಚ್. ಕೊನೆಯ ಓವರಿನ ಮೊದಲ ಎಸೆತ ಫುಲ್ ಟಾಸ್, ಡೇವಿಡ್ ಮಿಲ್ಲರ್ ಅದನ್ನು ಲಾಂಗ್ ಆಫ್ ಕಡೆಗೆ ಎತ್ತಿದರು. ಸೂರ್ಯಕುಮಾರ್ ಓಡಿ ಬಂದು ಹಿಡಿದು, ಹಗ್ಗ ದಾಟುವ ಮುನ್ನ ಚೆಂಡನ್ನು ಮೇಲಕ್ಕೆಸೆದು, ಒಳಗೆ ಮರಳಿ ಮತ್ತೆ ಹಿಡಿದರು. ಮೂರನೇ ಅಂಪೈರ್ ರಿಚರ್ಡ್ ಕೆಟಲ್‌ಬರೊ ಮರುಪ್ರಸಾರ ನೋಡಿ ಔಟ್ ಕೊಟ್ಟರು. ಶೂ ಹಗ್ಗಕ್ಕೆ ತಾಗಿತೇ ಎಂಬ ಪ್ರಶ್ನೆ ಒಂದು. ಹುಲ್ಲಿನ ಮೇಲೆ ಬಿಳಿಚಿದ ಗೆರೆ ಕಾಣುತ್ತಿತ್ತು, ಹಗ್ಗ ಅದರ ಆಚೆಗಿತ್ತು, ಅದನ್ನು ಸರಿಸಲಾಗಿತ್ತೇ ಎಂಬುದು ಇನ್ನೊಂದು.

ಇಂಥ ಕಡೆ ನಿಮ್ಮ ತಂಡದ ಪರವಾಗಿ ವಕಾಲತ್ತು ಹಾಕುವ ಆಸೆಯನ್ನು ಹತ್ತಿಕ್ಕಿ. ಪಿಚ್ ಬದಲಾದಂತೆ ಬೌಂಡರಿ ಹಗ್ಗದ ಜಾಗವೂ ಬದಲಾಗುತ್ತದೆ, ಹಳೆಯ ಗುರುತು ಹುಲ್ಲಿನಲ್ಲಿ ಉಳಿಯುವುದು ಸಾಮಾನ್ಯ, ಇಷ್ಟು ಹೇಳಬಹುದು. ಅಂಪೈರ್ ಕೊಟ್ಟ ತೀರ್ಪೇ ತೀರ್ಪು ಎಂದೂ ಹೇಳಬಹುದು. ಆದರೆ ‘ಅಳಬೇಡಿ, ಔಟ್ ಎಂದರೆ ಔಟ್’ ಎಂದು ಬರೆದ ಕ್ಷಣ ಮಾತು ಕ್ಯಾಚನ್ನು ಬಿಟ್ಟು ಮನುಷ್ಯರ ಕಡೆ ತಿರುಗಿತು. ಅದಕ್ಕಿಂತ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಆ ಎಸೆತ ಸಿಕ್ಸರ್ ಆಗಿದ್ದರೆ 5 ಎಸೆತಗಳಲ್ಲಿ 10 ಬೇಕಿತ್ತು, ಮಿಲ್ಲರ್ ಕ್ರೀಸ್‌ನಲ್ಲೇ ಇರುತ್ತಿದ್ದರು. ಆಗ ಪಂದ್ಯ ಯಾರ ಕಡೆ ವಾಲಿದೆ ಎಂದು ಧೈರ್ಯವಾಗಿ ಹೇಳಲು ಯಾರಿಗೂ ಆಗುತ್ತಿರಲಿಲ್ಲ. ಆ ಎಸೆತವೂ ಬೌಲರ್ ಹೆಮ್ಮೆ ಪಡುವಂಥದ್ದಾಗಿರಲಿಲ್ಲ. ನಮ್ಮ ಕಡೆಗೆ ಅನುಕೂಲವಲ್ಲದ ಒಂದು ಸಂಗತಿಯನ್ನು ನಾವೇ ಬಾಯಿಬಿಟ್ಟು ಹೇಳಿದರೆ, ಉಳಿದ ಮಾತುಗಳಿಗೆ ತೂಕ ಬರುತ್ತದೆ.

ಇಷ್ಟಾದ ಮೇಲೆ, ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಬರೆಯುತ್ತಿದ್ದೆ:

‘ಈ ಫೈನಲ್ ಗೆದ್ದದ್ದು 16ರಿಂದ 19ನೇ ಓವರ್‌ಗಳಲ್ಲಿ. 30 ಎಸೆತಗಳಲ್ಲಿ 30 ರನ್ ಬೇಕಿದ್ದಾಗ ಬುಮ್ರಾ, ಹಾರ್ದಿಕ್, ಅರ್ಷದೀಪ್ ಸೇರಿ 24 ಎಸೆತಗಳಲ್ಲಿ ಕೊಟ್ಟದ್ದು ಬರೀ 14. ಅದಕ್ಕೂ ಮುನ್ನ ಕ್ಲಾಸೆನ್ 27 ಎಸೆತಗಳಲ್ಲಿ 52 ಹೊಡೆದು ಪಂದ್ಯವನ್ನು ಹೆಚ್ಚುಕಡಿಮೆ ಮನೆಗೆ ಕೊಂಡೊಯ್ದಿದ್ದರು. ಅವರ ಬ್ಯಾಟಿನ ಮಧ್ಯಕ್ಕೆ ಎಟುಕದಷ್ಟು ಹೊರಗೆ, ವೇಗ ತಗ್ಗಿಸಿ ಹಾರ್ದಿಕ್ ಹಾಕಿದ ಆ ಒಂದು ಎಸೆತವೇ ಬಾಗಿಲು ತೆರೆಯಿತು. ಕೊನೆಯ ಓವರಿನ ಕ್ಯಾಚ್ ಹಗ್ಗದ ಆಚೆ ಬಿದ್ದಿದ್ದರೆ 5 ಎಸೆತಗಳಲ್ಲಿ 10 ಬೇಕಿತ್ತು, ಆಗ ಈ ಸಾಲುಗಳನ್ನು ಬೇರೆ ಯಾರೋ ಬರೆಯುತ್ತಿದ್ದರು. ನನ್ನ ಪಾಲಿಗೆ ಪಂದ್ಯಶ್ರೇಷ್ಠ ಬುಮ್ರಾ: ಆ ಎರಡು ಓವರ್‌ಗಳಲ್ಲಿ 6 ರನ್, 1 ವಿಕೆಟ್.’

ಇದರಲ್ಲಿ ‘ಗೌರವ’ ಎಂಬ ಪದ ಒಮ್ಮೆಯೂ ಇಲ್ಲ. ಎದುರಾಳಿ ಅಭಿಮಾನಿಗಳನ್ನು ಕರೆದು ಮಾತನಾಡಿಸಿಯೂ ಇಲ್ಲ. ಅಭಿಪ್ರಾಯ ಮೊದಲ ವಾಕ್ಯದಲ್ಲೇ ಇದೆ, ಕೊನೆಯಲ್ಲಿ ಜಗಳಕ್ಕೆ ಕರೆಯುವಂಥ ಇನ್ನೊಂದು ಪುಟ್ಟ ಅಭಿಪ್ರಾಯವೂ ಇದೆ. ‘ಇಲ್ಲ, ಮಧ್ಯದ ಓವರ್‌ಗಳಲ್ಲೇ ನಾವು ಎಡವಿದೆವು’ ಎಂದೋ ‘ಕೊಹ್ಲಿಗೆ ಕೊಟ್ಟದ್ದೇ ಸರಿ’ ಎಂದೋ ನಿಮ್ಮ ಗೆಳೆಯರು ವಾದಿಸಬಹುದು. ಅವರಿಗೆ ವಾದಿಸಲು ಜಾಗವಿದೆ, ಮುನಿಯಲು ಕಾರಣವಿಲ್ಲ.

ಬರೆಯುವ ಹೊತ್ತಿನ ಬಗ್ಗೆ ಒಂದು ಮಾತು. ಕೊನೆಯ ಎಸೆತ ಬಿದ್ದ ಕೂಡಲೇ ಬರೆಯಿರಿ, ಆ ಬಿಸಿ ತಣಿದರೆ ಬರಹವೂ ತಣಿಯುತ್ತದೆ. ಆದರೆ ಓವರಿನ ಅಂಕಿಗಳನ್ನು ನೆನಪಿನಿಂದ ಹಾಕಬೇಡಿ. ಉದ್ವೇಗದಲ್ಲಿ ನೋಡಿದ ಪಂದ್ಯ ನೆನಪಿನಲ್ಲಿ ತಾನಾಗಿಯೇ ಅಂದವಾಗಿಬಿಡುತ್ತದೆ: 4 ರನ್ನಿನ ಓವರ್ 2 ಆಗುತ್ತದೆ, ಹದಿನೇಳನೆಯದು ಹದಿನೆಂಟನೆಯದಾಗುತ್ತದೆ. ಅಂಕಿ ಒಂದು ತಪ್ಪಾದರೆ ಎದುರಿನವರು ಅದನ್ನೇ ಹಿಡಿದು ಜಗ್ಗುತ್ತಾರೆ, ಅಭಿಪ್ರಾಯವನ್ನು ಯಾರೂ ಓದುವುದಿಲ್ಲ. ಅಂಪೈರ್ ತೀರ್ಪಿನ ತಕರಾರಿದ್ದರೆ ಮಾತ್ರ, ಎರಡು ಮೂರು ಕೋನಗಳಿಂದ ನೋಡುವವರೆಗೆ ಆ ಭಾಗವನ್ನು ಖಾಲಿ ಬಿಡಿ.

ಇದೆಲ್ಲ ಗೆದ್ದ ದಿನದ ಮಾತಾಯಿತು. ಸೋತ ದಿನ ಕೈ ಇನ್ನೊಂದು ರೀತಿಯಲ್ಲಿ ಜಾರುತ್ತದೆ. 2023ರ ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ ನಡೆದ ಏಕದಿನ ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. ಪಿಚ್ ನಿಧಾನವಾಗಿತ್ತು, ಟಾಸ್ ಸೋತೆವು, ರಾತ್ರಿ ಇಬ್ಬನಿ ಬಿತ್ತು ಎಂದು ನಮ್ಮಲ್ಲಿ ಎಷ್ಟು ಜನ ಬರೆಯಲಿಲ್ಲ! ಆ ಮಾತುಗಳಲ್ಲಿ ಹುರುಳಿಲ್ಲ ಎಂದಲ್ಲ, ಆದರೆ ಆಸ್ಟ್ರೇಲಿಯಾದ ಅಭಿಮಾನಿಗೆ ಅದು ‘ನೀವು ಗೆಲ್ಲಲಿಲ್ಲ, ಹವಾಮಾನ ಗೆದ್ದಿತು’ ಎಂದು ಕೇಳಿಸುತ್ತದೆ. ಅಲ್ಲಿಯೂ ಪುರಾವೆ ಬೇರೆ ಕಡೆಗೆ ಬೆರಳು ಮಾಡುತ್ತದೆ. ಮೊದಲ 10 ಓವರ್‌ಗಳಲ್ಲಿ 80 ರನ್ ಹೊಡೆದ ಭಾರತ ಉಳಿದ 40 ಓವರ್‌ಗಳಲ್ಲಿ ಬಾರಿಸಿದ್ದು ನಾಲ್ಕೇ ಬೌಂಡರಿ. ಕೆ.ಎಲ್. ರಾಹುಲ್ 107 ಎಸೆತಗಳಲ್ಲಿ 66 ಗಳಿಸಿದರು, ಅದರಲ್ಲಿ ಬೌಂಡರಿ ಒಂದೇ ಒಂದು. ಪ್ಯಾಟ್ ಕಮಿನ್ಸ್ 10 ಓವರಿಗೆ 34 ರನ್ ಕೊಟ್ಟು 2 ವಿಕೆಟ್ ತೆಗೆದರು. ಆಮೇಲೆ ಟ್ರಾವಿಸ್ ಹೆಡ್ 120 ಎಸೆತಗಳಲ್ಲಿ 137. ‘ನಮ್ಮನ್ನು 40 ಓವರ್ ಕಟ್ಟಿಹಾಕಿದರು’ ಎಂದು ಬರೆಯಲು ಕಷ್ಟವಾಗುತ್ತದೆ, ಒಪ್ಪುತ್ತೇನೆ. ಆ ರಾತ್ರಿ ನಾನು ಬರೆದ ಮೊದಲ ಕರಡಿನಲ್ಲಿ ಇಬ್ಬನಿ ಮೂರು ಸಲ ಬಂದಿತ್ತು. ಎರಡನ್ನು ನಾನೇ ಹೊಡೆದುಹಾಕಿದೆ, ಮೂರನೆಯದನ್ನು ಪುಟ ನೋಡುತ್ತಿದ್ದ ಸಹೋದ್ಯೋಗಿ ತೆಗೆದರು.

ನಿಮ್ಮ ಗೆಳೆಯರಿಗೆ ಹೊಸ ಬರಹವನ್ನು ಕಳುಹಿಸುವ ಮುನ್ನ ಹಳೆಯದಕ್ಕೆ ಕ್ಷಮೆ ಕೇಳಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಉದ್ದದ ಸಮಜಾಯಿಷಿ ಬೇಡ. ‘ಕ್ಲಾಸೆನ್ ಆಟದ ಬಗ್ಗೆ ಒಂದು ಸಾಲೂ ಬರೆಯದೆ ಹೋದೆ, ಅದು ತಪ್ಪಾಯಿತು’ ಎಂದು ಹೇಳಿ, ಅಕ್ಷರ್ ಪಟೇಲರ ಆ 24 ರನ್ನಿನ ಓವರಿನ ಮಾತು ತೆಗೆಯಿರಿ. ಅಲ್ಲಿಂದ ಮುಂದೆ ಅವರೇ ಮಾತನಾಡುತ್ತಾರೆ.